ಬಾಡಿಗೆ ಏರಲಿಲ್ಲ, ಮನೆಯೂ ಸಿಗಲಿಲ್ಲ

1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮುಂಬೈಯ ಮನೆ ಬಾಡಿಗೆಯ ಬಗ್ಗೆ ಒಂದು ತೀರ್ಪು ಕೊಟ್ಟಿತು. ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣವೆಂದೇ ಅದು ಹೆಸರಾಗಿದೆ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಸರಳವಾಗಿತ್ತು. 1940ರ ಸೆಪ್ಟೆಂಬರ್ 1ರಂದು ಒಂದು ಮನೆಗೆ ಇದ್ದ ಬಾಡಿಗೆಯನ್ನೇ ಐವತ್ತೇಳು ವರ್ಷಗಳ ಮೇಲೂ ಕಾನೂನುಬದ್ಧ ಬಾಡಿಗೆ ಎಂದು ಹಿಡಿದಿಡುವುದು ನ್ಯಾಯವೇ?

ಆ ಐವತ್ತೇಳು ವರ್ಷಗಳಲ್ಲಿ ಒಂದು ಮಹಾಯುದ್ಧ ಮುಗಿದಿತ್ತು, ದೇಶ ಸ್ವತಂತ್ರವಾಗಿತ್ತು. ಅಕ್ಕಿ, ಬೇಳೆ, ಸಿಮೆಂಟು, ಗಾರೆ ಕೆಲಸದವನ ಕೂಲಿ, ಬಾಡಿಗೆದಾರನ ಸಂಬಳ ಎಲ್ಲವೂ ಎಷ್ಟೋ ಪಟ್ಟು ಏರಿದ್ದವು. ಏರದೆ ನಿಂತದ್ದು ಹಳೆಯ ಮನೆಗಳ ಬಾಡಿಗೆ ಮಾತ್ರ. ಇಷ್ಟು ಅಗ್ಗದ ಬಾಡಿಗೆಯಿದ್ದ ಊರಿನಲ್ಲಿ ಬಡವನಿಗೆ ಸುಲಭವಾಗಿ ಮನೆ ಸಿಗಬೇಕಿತ್ತಲ್ಲವೇ? ಆದದ್ದು ತದ್ವಿರುದ್ಧ. ಬಾಡಿಗೆ ಮನೆ ಅತ್ಯಂತ ದುರ್ಲಭವಾದ ಊರುಗಳಲ್ಲಿ ಮುಂಬೈ ಒಂದಾಯಿತು. ಹೀಗೇಕೆ ಆಯಿತೆಂದು ತಿಳಿದರೆ, ಸರ್ಕಾರ ಯಾವುದೇ ವಸ್ತುವಿಗೆ ಗರಿಷ್ಠ ಬೆಲೆ ಕಟ್ಟಿದಾಗ ಏನಾಗುತ್ತದೆ ಎಂಬುದು ಬಹುಮಟ್ಟಿಗೆ ತಿಳಿದಂತೆ.

ಕಾಯ್ದೆ ಹುಟ್ಟಿದ ಕಾಲ

ಬಾಡಿಗೆ ನಿಯಂತ್ರಣ ಹುಟ್ಟಿದ್ದು ಯುದ್ಧದ ಕಾಲದಲ್ಲಿ. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಮುಂಬೈಯಲ್ಲಿ ಇಂಥ ಮೊದಲ ಕಾನೂನು ಬಂತು. ಯುದ್ಧ ನಡೆಯುವಾಗ ಕಬ್ಬಿಣ, ಸಿಮೆಂಟು ಸೈನ್ಯದ ಕೆಲಸಕ್ಕೆ ಹೋಗುತ್ತವೆ, ಊರಿಗೆ ಜನ ಬಂದು ತುಂಬುತ್ತಾರೆ. ಬಾಡಿಗೆ ಎರಡು ಪಟ್ಟಾದರೂ ಹೊಸ ಮನೆ ಏಳುವಂತಿಲ್ಲ. ಅಂಥ ಸಮಯದಲ್ಲಿ ಒಂದೆರಡು ವರ್ಷ ಬಾಡಿಗೆಯನ್ನು ತಡೆಹಿಡಿದರೆ ದೊಡ್ಡ ನಷ್ಟವಿಲ್ಲ, ಬೀದಿಗೆ ಬೀಳುತ್ತಿದ್ದ ಸಂಸಾರಗಳು ಉಳಿದುಕೊಳ್ಳುತ್ತವೆ. ಕಾಯ್ದೆ ಮಾಡಿದವರ ಉದ್ದೇಶದಲ್ಲಿ ತಪ್ಪಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಭಜನೆಯ ನಿರಾಶ್ರಿತರೂ ಮುಂಬೈಗೆ ಬಂದರು. 1947ರ ಮುಂಬೈ ಬಾಡಿಗೆ ಕಾಯ್ದೆ ಜಾರಿಗೆ ಬಂತು. ಅದರ ತಿರುಳು ‘ಪ್ರಮಾಣಿತ ಬಾಡಿಗೆ’. 1940ರ ಸೆಪ್ಟೆಂಬರ್ 1ರಂದು ಬಾಡಿಗೆಗಿದ್ದ ಮನೆಗೆ ಅಂದಿನ ಬಾಡಿಗೆಯೇ ಖಾಯಂ. ಆಮೇಲೆ ಕಟ್ಟಿದ ಮನೆಗೆ ಮೊದಲ ಬಾರಿ ಬಾಡಿಗೆಗೆ ಕೊಟ್ಟಾಗ ಇದ್ದ ಮೊತ್ತವೇ ಖಾಯಂ. ಪಾಲಿಕೆಯ ತೆರಿಗೆ ಹೆಚ್ಚಿದರೆ ಅದನ್ನು ಸೇರಿಸಿಕೊಳ್ಳಲು ಅವಕಾಶವಿತ್ತು, ಆದರೆ ಊರಿನ ಬೆಲೆಗಳೆಲ್ಲ ಏರಿದವೆಂದು ಬಾಡಿಗೆ ಏರಿಸುವಂತಿರಲಿಲ್ಲ. ಬಾಡಿಗೆದಾರನನ್ನು ಬಿಡಿಸಬೇಕಾದರೆ ನ್ಯಾಯಾಲಯದಲ್ಲಿ ಕಾರಣ ಸಾಬೀತು ಮಾಡಬೇಕಿತ್ತು. ಬಾಡಿಗೆದಾರ ತೀರಿಕೊಂಡರೆ ಜೊತೆಗಿದ್ದ ಮನೆಯವರಿಗೆ ಅದೇ ಹಕ್ಕು, ಅದೇ ಬಾಡಿಗೆ. ತಾತ್ಕಾಲಿಕವೆಂದು ಬಂದ ಆ ಕಾಯ್ದೆಯ ಅವಧಿಯನ್ನು ಮತ್ತೆ ಮತ್ತೆ ಮುಂದುವರಿಸುತ್ತ ಹೋದರು.

ನೂರು ಮನೆಯ ಬೀದಿ

ಕೊರತೆ ಹೇಗೆ ಹುಟ್ಟುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಒಂದು ಬಡಾವಣೆಯಲ್ಲಿ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಬಾಡಿಗೆ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಆ ಬಾಡಿಗೆಗೆ ಮನೆ ಕೊಡುವವರು ನೂರು ಮಂದಿ, ಕೇಳುವ ಸಂಸಾರಗಳೂ ನೂರು. ಹತ್ತು ಸಾವಿರ ಹಲವರಿಗೆ ಭಾರವೇ. ಆದರೆ ಬಾಗಿಲಿಗೆ ತೂಗುಹಾಕಿದ ‘ಮನೆ ಬಾಡಿಗೆಗಿದೆ’ ಎಂಬ ಫಲಕ ಆ ಬೀದಿಯಲ್ಲಿ ಆಗಾಗ ಕಾಣುತ್ತಿರುತ್ತದೆ.

ಈಗ ಸರ್ಕಾರ ಆರು ಸಾವಿರಕ್ಕಿಂತ ಹೆಚ್ಚು ಬಾಡಿಗೆ ತೆಗೆದುಕೊಳ್ಳಬಾರದು ಎಂದು ಆಜ್ಞೆ ಮಾಡುತ್ತದೆ. ಮೊದಲು ಮಾಲೀಕರ ಕಡೆ ನೋಡೋಣ. ಒಬ್ಬ ಮಾಲೀಕ ಈ ಹಣಕ್ಕೆ ಬಾಡಿಗೆ ಕೊಡುವ ಬದಲು ಮನೆ ಮಾರುವುದೇ ಲೇಸೆಂದು ಮಾರುತ್ತಾನೆ. ಇನ್ನೊಬ್ಬರು ಮಹಡಿಯ ಮನೆಯನ್ನು ಮಗ-ಸೊಸೆಗೆ ಬಿಟ್ಟುಕೊಡುತ್ತಾರೆ. ಮತ್ತೊಬ್ಬರು ಅದನ್ನು ಗೋದಾಮು ಮಾಡುತ್ತಾರೆ, ಇಲ್ಲವೇ ಬೀಗ ಹಾಕುತ್ತಾರೆ. ಹೀಗೆ ಮೂವತ್ತು ಮನೆಗಳು ಬಾಡಿಗೆಯ ಲೆಕ್ಕದಿಂದ ಜಾರಿಹೋಗಿ ಎಪ್ಪತ್ತು ಉಳಿದವು ಎನ್ನೋಣ.

ಕೇಳುವವರ ಕಡೆ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಇಷ್ಟು ದಿನ ಒಟ್ಟಿಗಿದ್ದ ಅಣ್ಣತಮ್ಮಂದಿರು ಆರು ಸಾವಿರಕ್ಕೆ ಬೇರೆ ಮನೆ ಮಾಡಬಹುದಲ್ಲ ಎಂದು ಯೋಚಿಸುತ್ತಾರೆ. ಪಿಜಿಯಲ್ಲಿದ್ದ ಹುಡುಗರು ಮನೆ ಹುಡುಕಲು ಹೊರಡುತ್ತಾರೆ. ಮಕ್ಕಳು ದೂರದ ಊರಿಗೆ ಹೋದಮೇಲೂ ಮೂರು ಕೋಣೆಯ ಮನೆಯಲ್ಲಿರುವ ದಂಪತಿಗೆ ಚಿಕ್ಕ ಮನೆಗೆ ಹೋಗುವ ಅಗತ್ಯ ಕಾಣುವುದಿಲ್ಲ. ಕೇಳುವವರು ನೂರಮೂವತ್ತಾಗುತ್ತಾರೆ. ಮನೆ ಎಪ್ಪತ್ತು, ಬೇಕಾದವರು ನೂರಮೂವತ್ತು. ಅರವತ್ತು ಸಂಸಾರಗಳು ಹೊರಗೆ. ಅರ್ಥಶಾಸ್ತ್ರ ‘ಕೊರತೆ’ ಎನ್ನುವುದು ಈ ಅರವತ್ತನ್ನು.

ಇಲ್ಲಿ ಒಂದನ್ನು ಗಮನಿಸಬೇಕು. ಮೊದಲು ನೂರು ಸಂಸಾರಕ್ಕೆ ಬಾಡಿಗೆ ಮನೆಯಿತ್ತು, ಈಗ ಎಪ್ಪತ್ತಕ್ಕೆ ಮಾತ್ರ. ಒಳಗಿರುವ ಎಪ್ಪತ್ತು ಸಂಸಾರಕ್ಕೆ ತಿಂಗಳಿಗೆ ನಾಲ್ಕು ಸಾವಿರ ಉಳಿತಾಯವಾಯಿತು, ಅದು ನಿಜವಾದ ಲಾಭ. ಆ ಲಾಭದ ಬೆಲೆಯಲ್ಲಿ ಒಂದು ಪಾಲನ್ನು ಮಾಲೀಕರು ತೆತ್ತರು. ಇನ್ನೊಂದು ಪಾಲನ್ನು ತೆತ್ತವರು ಹತ್ತು ಸಾವಿರ ಕೊಡಲು ಸಿದ್ಧರಿದ್ದೂ ಮನೆ ಸಿಗದೆ ಹೋದವರು. ಅವರು ಊರಿಗೆ ಹೊಸಬರು, ಹೊಸದಾಗಿ ಮದುವೆಯಾದವರು, ಕೆಲಸ ಹುಡುಕಿ ಬಂದವರು. ಕಾಯ್ದೆ ಮಾಡುವ ದಿನ ಅವರಲ್ಲಿ ಅನೇಕರು ಆ ಊರಿನಲ್ಲೇ ಇರುವುದಿಲ್ಲ. ಹೀಗಾಗಿ ಅವರ ಪರವಾಗಿ ಮಾತಾಡುವವರೂ ಇರುವುದಿಲ್ಲ.

ಮುಂಬೈಯಲ್ಲಿ ಆದದ್ದು

ಕಾಗದದ ಮೇಲಿನ ಈ ಲೆಕ್ಕ ಮುಂಬೈಯಲ್ಲಿ ನಿಧಾನವಾಗಿ, ಒಂದೊಂದೇ ಹಂತವಾಗಿ ನಡೆಯಿತು. ಮೊದಲು ನಿಂತದ್ದು ಬಾಡಿಗೆಗೆಂದೇ ಮನೆ ಕಟ್ಟುವ ಕಸುಬು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಣವಂತರು ಬಾಡಿಗೆಯ ಆದಾಯಕ್ಕಾಗಿಯೇ ಚಾಳುಗಳನ್ನು ಕಟ್ಟಿಸುತ್ತಿದ್ದರು. ಉದ್ದನೆಯ ಪಡಸಾಲೆ, ಅದರ ಪಕ್ಕದಲ್ಲಿ ಸಾಲಾಗಿ ಒಂದೊಂದು ಖೋಲಿ, ತುದಿಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ, ಪಾಯಿಖಾನೆ. ಗಿರಣಿ ಕಾರ್ಮಿಕರು, ಗುಮಾಸ್ತರು ಬದುಕಿದ್ದು ಅಲ್ಲೇ. ಇವತ್ತು ಕೊಟ್ಟ ಮನೆಯ ಬಾಡಿಗೆ ಮುಂದೆ ಏರುವುದೇ ಇಲ್ಲ, ಕೊಟ್ಟ ಮನೆ ಮರಳಿ ಕೈಗೆ ಬರುವುದೂ ಇಲ್ಲ ಎಂದಾದ ಮೇಲೆ ಯಾರು ತಾನೇ ಬಾಡಿಗೆಗೆ ಕಟ್ಟಿಸುತ್ತಾರೆ? ಕಟ್ಟುವವರು ಮಾರಾಟದ ಫ್ಲ್ಯಾಟುಗಳ ಕಡೆ ತಿರುಗಿದರು. ಕೊಳ್ಳುವ ಶಕ್ತಿಯಿದ್ದವರಿಗೆ ಫ್ಲ್ಯಾಟು, ಇಲ್ಲದವರಿಗೆ ಜೋಪಡಿ ಎಂಬಂತಾಗಿ, ನಡುವಿನ ಬಾಡಿಗೆ ಮನೆಯ ಮೆಟ್ಟಿಲು ಸವೆಯುತ್ತ ಹೋಯಿತು.

ಎರಡನೆಯದಾಗಿ, ಇದ್ದ ಮನೆಗಳಿಗೂ ಬೀಗ ಬಿತ್ತು. ಬಾಡಿಗೆದಾರ ಎಂಬ ಹೆಸರು ತಪ್ಪಿಸಲು ಮಾಲೀಕರು ‘ಲೀವ್ ಅಂಡ್ ಲೈಸೆನ್ಸ್’ ಎಂಬ ಕರಾರಿನಲ್ಲಿ, ತಾತ್ಕಾಲಿಕ ಪರವಾನಗಿಯೆಂದು ಬರೆದು ಮನೆ ಕೊಡತೊಡಗಿದರು. 1973ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಆ ವರ್ಷದ ಫೆಬ್ರುವರಿ 1ರಂದು ಹಾಗೆ ವಾಸವಿದ್ದವರೆಲ್ಲ ರಕ್ಷಿತ ಬಾಡಿಗೆದಾರರೇ ಎಂದು ಅದು ಸಾರಿತು. ಅಂದು ಒಳಗಿದ್ದವರಿಗೆ ಅದು ವರವಾಯಿತು. ಆದರೆ ಯಾವ ಕರಾರು ಬರೆದುಕೊಂಡರೂ ನಾಳೆ ಕಾನೂನು ಬದಲಾಗಿ ಮನೆ ಕೈತಪ್ಪಬಹುದು ಎಂಬ ಪಾಠವನ್ನು ಊರಿನ ಮಾಲೀಕರೆಲ್ಲ ಕಲಿತರು. ಖಾಲಿ ಮನೆಯಿಂದ ಆದಾಯ ಬರದಿದ್ದರೂ ಮನೆ ತಮ್ಮದಾಗಿಯೇ ಉಳಿಯುತ್ತದೆ ಎಂದು ಅನೇಕರು ಬೀಗ ಹಾಕಿಟ್ಟರು.

ಮೂರನೆಯ ಹಂತ ಎಲ್ಲರ ಕಣ್ಣಿಗೂ ಕಾಣುವಂಥದ್ದು, ಕಟ್ಟಡಗಳ ಶಿಥಿಲತೆ. ನಲವತ್ತು ಖೋಲಿಗಳ ಚಾಳನ್ನು ಊಹಿಸಿಕೊಳ್ಳಿ. ಖೋಲಿಗೆ ತಿಂಗಳಿಗೆ ಐವತ್ತು ರೂಪಾಯಿಯಂತೆ ವರ್ಷಕ್ಕೆ ಬರುವುದು ಇಪ್ಪತ್ನಾಲ್ಕು ಸಾವಿರ. ಸೋರುವ ಮಾಡು, ಒಡೆದ ಪಾಯಿಖಾನೆಯ ಕೊಳವೆ, ಕುಂಬಾದ ಮರದ ಮೆಟ್ಟಿಲು ಇಷ್ಟನ್ನು ಸರಿಪಡಿಸಲು ಮೂರು ಲಕ್ಷ ಬೇಕಾದರೆ, ಬಂದ ಬಾಡಿಗೆಯ ಒಂದು ಪೈಸೆಯನ್ನೂ ಬೇರೆಯದಕ್ಕೆ ಮುಟ್ಟದೆ ಕೂಡಿಟ್ಟರೂ ಹನ್ನೆರಡೂವರೆ ವರ್ಷ ಕಾಯಬೇಕು. ದುರಾಸೆಯೇ ಇಲ್ಲದ ಮಾಲೀಕನಿಗೂ ಈ ಲೆಕ್ಕ ಕೂಡಿಬರುವುದಿಲ್ಲ. ದುರಾಸೆಯ ಮಾಲೀಕನಿಗಂತೂ ಕಟ್ಟಡ ಬೀಳುವುದೇ ಒಳ್ಳೆಯದು, ನಿವೇಶನದ ಬೆಲೆಯಾದರೂ ಕೈಸೇರೀತು. ಬಾಡಿಗೆದಾರನಾದರೋ ಮನೆ ತನ್ನದಲ್ಲವೆಂದು ದೊಡ್ಡ ಖರ್ಚಿಗೆ ಹಿಂಜರಿಯುತ್ತಾನೆ. ಗೋಡೆಯಲ್ಲಿ ಅರಳಿ ಗಿಡ ಬೇರುಬಿಡುತ್ತದೆ, ತೊಲೆಗಳಿಗೆ ಕೆಳಗಿನಿಂದ ಕಂಬದ ಆಸರೆ ಬರುತ್ತದೆ, ಆ ಆಸರೆಯೇ ವರ್ಷಗಟ್ಟಲೆ ಖಾಯಂ ಆಗುತ್ತದೆ.

ಮಳೆಗಾಲದಲ್ಲಿ ಹಳೆಯ ಕಟ್ಟಡಗಳು ಬೀಳುವುದು ಹೆಚ್ಚಾದಾಗ ಸರ್ಕಾರವೇ ದುರಸ್ತಿಗೆ ಇಳಿಯಬೇಕಾಯಿತು. 1969ರಲ್ಲಿ ಕಾನೂನು ಮಾಡಿ, ಹಳೆಯ ಕಟ್ಟಡಗಳಿಂದ ಸೆಸ್ ವಸೂಲು ಮಾಡಿ, ದುರಸ್ತಿ ಮಂಡಳಿಯೊಂದನ್ನು ಕಟ್ಟಿದರು. ಆಗ ಆ ಪಟ್ಟಿಯಲ್ಲಿದ್ದ ಕಟ್ಟಡಗಳು ಸುಮಾರು 19,600. ಇಂದಿಗೂ ಮಳೆ ಶುರುವಾಗುವ ಮುಂಚೆ ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡುತ್ತದೆ.

ಬೇರೆ ಬಾಗಿಲಿನಿಂದ ಬಂದ ಬೆಲೆ

ಬೆಲೆಯನ್ನು ಒಂದು ಕಡೆ ಕಟ್ಟಿಹಾಕಿದರೆ ಅದು ಇನ್ನೊಂದು ಕಡೆ ತಲೆಯೆತ್ತುತ್ತದೆ. ಮುಂಬೈಯಲ್ಲಿ ಅದು ಪಗಡಿಯಾಗಿ ಬಂತು. ಹಳೆಯ ಬಾಡಿಗೆಯ ಮನೆಗೆ ಹೊಸಬರು ಬರಬೇಕಾದರೆ ಒಂದು ದೊಡ್ಡ ಇಡಿಗಂಟು ಕೊಡಬೇಕು. ಅದರಲ್ಲಿ ಹೆಚ್ಚಿನ ಪಾಲು ಬಿಟ್ಟುಹೋಗುವ ಬಾಡಿಗೆದಾರನಿಗೆ, ಸಾಮಾನ್ಯವಾಗಿ ಮೂರರಲ್ಲೊಂದು ಪಾಲು ಮಾಲೀಕನಿಗೆ. ಹಣ ಕೈಸೇರಿದ ಮೇಲೆ ಬಾಡಿಗೆ ರಸೀದಿ ಹೊಸಬನ ಹೆಸರಿಗೆ ಆಗುತ್ತದೆ. ಆ ರಸೀದಿಯೇ ಎಲ್ಲಕ್ಕೂ ಆಧಾರ. ಮುಂಬೈಯ ಹಳೆಯ ಬಡಾವಣೆಗಳಲ್ಲಿ ಜನ ಅದನ್ನು ಮನೆಪತ್ರದಷ್ಟೇ ಜೋಪಾನವಾಗಿ ಕಾಪಾಡಿಕೊಂಡರು. 1947ರ ಕಾಯ್ದೆಯ ಪ್ರಕಾರ ಮಾಲೀಕ ಪಗಡಿ ತೆಗೆದುಕೊಳ್ಳುವುದು ಅಪರಾಧವಾಗಿತ್ತು. ಆದರೂ ವ್ಯವಹಾರವೆಲ್ಲ ನಗದಿನಲ್ಲಿ, ಲೆಕ್ಕಕ್ಕೆ ಸಿಗದಂತೆ ನಡೆಯಿತು.

ಇದರಿಂದ ಹೊಸ ಬಾಡಿಗೆದಾರನಿಗೆ ನಿಜವಾಗಿ ಎಷ್ಟು ಬಿತ್ತು? ರಸೀದಿಯ ಬಾಡಿಗೆ ಐವತ್ತು ರೂಪಾಯಿ, ಪಗಡಿ ಐದು ಲಕ್ಷ ಎಂದಿಟ್ಟುಕೊಳ್ಳಿ. ಐದು ಲಕ್ಷಕ್ಕೆ ನೂರಕ್ಕೆ ಹತ್ತರಂತೆ ವರ್ಷದ ಬಡ್ಡಿ ಐವತ್ತು ಸಾವಿರ. ತಿಂಗಳಿಗೆ ನಾಲ್ಕು ಸಾವಿರದ ನೂರು ಚಿಲ್ಲರೆ. ಅಂದರೆ ಐವತ್ತು ರೂಪಾಯಿಯ ಖೋಲಿಯ ನಿಜವಾದ ಬಾಡಿಗೆ ನಾಲ್ಕು ಸಾವಿರ ದಾಟಿತು. ಕಾಯ್ದೆ ಇಲ್ಲದಿದ್ದರೆ ಮಾರುಕಟ್ಟೆ ಕೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವೆಂದರೆ, ತಿಂಗಳಿಗೆ ನಾಲ್ಕು ಸಾವಿರ ಹೊಂದಿಸಬಲ್ಲ ಕೂಲಿಕಾರನಿಗೆ ಒಮ್ಮೆಗೇ ಐದು ಲಕ್ಷ ಹೊಂದಿಸಲು ಆಗುವುದಿಲ್ಲ. ಬಡವನನ್ನು ಕಾಪಾಡಲು ಬಂದ ಕಾಯ್ದೆ ಬಡವನಿಗೇ ಬಾಗಿಲು ಮುಚ್ಚಿದ್ದು ಹೀಗೆ.

ಬೆಲೆಯ ಜಾಗದಲ್ಲಿ ಇನ್ನೊಂದು ಅಳತೆಗೋಲೂ ಬರುತ್ತದೆ. ಒಂದು ಮನೆಗೆ ಇಪ್ಪತ್ತು ಜನ ಬಂದು ನಿಂತು, ಎಲ್ಲರೂ ಕೊಡಬೇಕಾದ ಬಾಡಿಗೆ ಒಂದೇ ಆದರೆ, ಮಾಲೀಕ ತನಗೆ ಬೇಕಾದವರನ್ನು ಆರಿಸುತ್ತಾನೆ. ಜಾತಿ ಕೇಳುತ್ತಾನೆ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ಕೇಳುತ್ತಾನೆ, ಶಿಫಾರಸು ಕೇಳುತ್ತಾನೆ. ಈ ತಾರತಮ್ಯ ನಿಯಂತ್ರಣವಿಲ್ಲದ ಊರಿನಲ್ಲೂ ಇದೆ. ಆದರೆ ಅಲ್ಲಿ ಒಳ್ಳೆಯ ಬಾಡಿಗೆ ಕೊಡುವವನನ್ನು ಜಾತಿಯ ಕಾರಣಕ್ಕೆ ಹಿಂದೆ ಕಳಿಸಿದರೆ ಮಾಲೀಕನಿಗೆ ಸ್ವಲ್ಪವಾದರೂ ನಷ್ಟವಿದೆ. ಕೊರತೆಯಿರುವ ಊರಿನಲ್ಲಿ ಆ ನಷ್ಟವೂ ಇಲ್ಲ, ಹಿಂದೆಯೇ ಹತ್ತೊಂಬತ್ತು ಜನ ನಿಂತಿರುತ್ತಾರೆ.

ಅಳೆದು ನೋಡಿದವರು

ಮುಂಬೈಯ ಮನೆ ಕೊರತೆಗೆ ಬಾಡಿಗೆ ಕಾಯ್ದೆಯೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಮೂರು ಕಡೆ ಸಮುದ್ರವಿರುವ ಊರಿನಲ್ಲಿ ನೆಲವೇ ಕಡಿಮೆ. ಎಷ್ಟು ಮಹಡಿ ಕಟ್ಟಬಹುದೆಂಬ ನಿಯಮಗಳು ಬಹಳ ಕಾಲ ಬಿಗಿಯಾಗಿದ್ದವು. 1976ರ ನಗರ ಭೂಮಿತಿ ಕಾಯ್ದೆಯಿಂದ ಖಾಲಿ ಜಾಗಗಳು ವ್ಯಾಜ್ಯದಲ್ಲಿ ಸಿಕ್ಕಿಬಿದ್ದವು. ಇವೆಲ್ಲವುಗಳಿಂದ ಬಿಡಿಸಿ ಬಾಡಿಗೆ ನಿಯಂತ್ರಣದ ಪರಿಣಾಮವೊಂದನ್ನೇ ಅಳೆಯುವುದು ಕಷ್ಟ.

ಅಂಥ ಅಳತೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವಕಾಶ ಸಿಕ್ಕಿತು. ಅಲ್ಲಿ 1994ರಲ್ಲಿ, 1980ಕ್ಕಿಂತ ಮೊದಲು ಕಟ್ಟಿದ ಸಣ್ಣ ಬಾಡಿಗೆ ಕಟ್ಟಡಗಳಿಗೂ ನಿಯಂತ್ರಣವನ್ನು ವಿಸ್ತರಿಸಿದರು. ಆಮೇಲೆ ಕಟ್ಟಿದ ಅದೇ ಬಗೆಯ ಕಟ್ಟಡಗಳಿಗೆ ನಿಯಂತ್ರಣವಿರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಲು ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೆಬೆಕಾ ಡೈಮಂಡ್ ಮತ್ತು ಇಬ್ಬರು ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಮುಖಗಳನ್ನೂ ತೋರಿಸಿತು. ನಿಯಂತ್ರಣ ಬಂದ ಮನೆಗಳ ಬಾಡಿಗೆದಾರರು ಅದೇ ಮನೆಯಲ್ಲಿ ಹೆಚ್ಚು ಕಾಲ ನೆಮ್ಮದಿಯಾಗಿ ನಿಂತರು. ಅದೇ ವೇಳೆಗೆ ಆ ಕಟ್ಟಡಗಳ ಮಾಲೀಕರು ಮನೆಗಳನ್ನು ಮಾರಿ, ಮರುಕಟ್ಟಿ, ಬಾಡಿಗೆಗೆ ಕೊಡುವುದನ್ನು ಶೇ 15ರಷ್ಟು ಕಡಿಮೆ ಮಾಡಿದರು. ಇದರಿಂದ ಊರಿನ ಒಟ್ಟಾರೆ ಬಾಡಿಗೆ ಶೇ 5ರಷ್ಟು ಏರಿತು. ಒಳಗಿದ್ದವರು ಉಳಿಸಿದ ಹಣ ಹೊರಗಿನಿಂದ ಬಂದವರ ಜೇಬಿನಿಂದ ಹೋಯಿತು.

ಮಿತಿ ಯಾವಾಗ ಕಚ್ಚುತ್ತದೆ

ಎಲ್ಲ ಬೆಲೆಮಿತಿಯೂ ಕೊರತೆ ಹುಟ್ಟಿಸುವುದಿಲ್ಲ. ನಡೆಯುವ ಬಾಡಿಗೆ ಹತ್ತು ಸಾವಿರವಿದ್ದು ಮಿತಿ ಹನ್ನೆರಡು ಸಾವಿರವಾದರೆ ಯಾರಿಗೂ ಏನೂ ಆಗುವುದಿಲ್ಲ. ಮಿತಿ ಕಚ್ಚುವುದು ಅದು ನಡೆಯುವ ಬೆಲೆಗಿಂತ ಕೆಳಗಿದ್ದಾಗ. ಮೊದಲ ವರ್ಷ ಕಚ್ಚದ ಮಿತಿಯೂ, ಬೆಲೆಗಳ ಜೊತೆ ಏರದಿದ್ದರೆ, ಇಪ್ಪತ್ತನೆಯ ವರ್ಷಕ್ಕೆ ಕಚ್ಚುತ್ತದೆ. ಹೊರಗಿನಿಂದ ನೋಡುವವರಿಗೆ ದುಬಾರಿ ಊರು ಯಾವುದು, ಕೊರತೆಯ ಊರು ಯಾವುದು ಎಂದು ಗುರುತಿಸಲು ಒಂದು ಸುಲಭದ ಉಪಾಯವಿದೆ. ದುಬಾರಿ ಊರಿನಲ್ಲಿ ‘ಟು ಲೆಟ್’ ಫಲಕಗಳಿರುತ್ತವೆ, ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಬೆಲೆಮಿತಿಯ ಕೊರತೆಯಿರುವ ಊರಿನಲ್ಲಿ ಹೇಳುವ ಬಾಡಿಗೆ ಕಡಿಮೆ, ಫಲಕವೇ ಕಾಣುವುದಿಲ್ಲ. ಮನೆಗಳು ಪರಿಚಯದ ಮೇಲೆ, ಕೈಬದಲಿ ಹಣದ ಮೇಲೆ ಒಳಗೊಳಗೇ ಸಾಗುತ್ತವೆ.

ಬಾಡಿಗೆದಾರನಿಗೆ ರಕ್ಷಣೆಯೇ ಬೇಡ ಎಂಬ ತೀರ್ಮಾನಕ್ಕೂ ಬರಬೇಕಿಲ್ಲ. ಮಕ್ಕಳ ಶಾಲೆ ನಡೆಯುತ್ತಿರುವಾಗ ಮನೆ ಬದಲಿಸುವುದು ಎಷ್ಟು ಕಷ್ಟವೆಂದು ತಿಳಿದೇ ಒಂದೇ ಸಲ ಬಾಡಿಗೆಯನ್ನು ಒಂದೂವರೆ ಪಟ್ಟು ಮಾಡುವ ಮಾಲೀಕರಿದ್ದಾರೆ. ಒಪ್ಪಂದದ ಅವಧಿಯಲ್ಲಿ ವರ್ಷಕ್ಕೆ ಇಷ್ಟೇ ಏರಿಕೆ, ಬಿಡಿಸಲು ಇಷ್ಟು ತಿಂಗಳ ನೋಟಿಸು ಎಂಬ ನಿಯಮಗಳು ಆ ದೌರ್ಜನ್ಯವನ್ನು ತಡೆಯುತ್ತವೆ. ಮನೆ ಖಾಲಿಯಾದ ಮೇಲೆ ಹೊಸ ಬಾಡಿಗೆಯನ್ನು ಮಾತಾಡಿಕೊಳ್ಳಲು ಬಿಟ್ಟರೆ ಕಟ್ಟುವವನ ಲೆಕ್ಕವೂ ಕೆಡುವುದಿಲ್ಲ.

ತೀರ್ಪಿನ ನಂತರ

1997ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನು: ಕಾಯ್ದೆ ಮಾಡಿದಾಗ ನ್ಯಾಯವಾಗಿದ್ದ ಬಾಡಿಗೆ ಮಿತಿ ಕಾಲ ಸರಿದಂತೆ ಅಸಮಂಜಸವಾಗಿದೆ. ಕಾಯ್ದೆಯ ಅವಧಿ 1998ರ ಮಾರ್ಚಿಗೆ ಮುಗಿಯಲಿದ್ದುದರಿಂದ ನ್ಯಾಯಾಲಯ ಅದನ್ನು ರದ್ದು ಮಾಡಲು ಹೋಗಲಿಲ್ಲ. ಆದರೆ ಹಳೆಯ ರೂಪದಲ್ಲೇ ಅದನ್ನು ಮುಂದುವರಿಸಿಕೊಂಡು ಹೋಗುವುದು ಕಷ್ಟವಾಯಿತು. ಮಹಾರಾಷ್ಟ್ರದ ಹೊಸ ಬಾಡಿಗೆ ಕಾಯ್ದೆ 2000ದ ಮಾರ್ಚ್ 31ರಂದು ಜಾರಿಗೆ ಬಂತು. ಅದು ವರ್ಷಕ್ಕೆ ಶೇ 4ರ ಏರಿಕೆಗೆ ಒಪ್ಪಿಗೆ ಕೊಟ್ಟಿತು, ಪಗಡಿಯನ್ನೂ ಕಾನೂನಿನೊಳಕ್ಕೆ ತಂದಿತು. ಆದರೆ ಐವತ್ತು ರೂಪಾಯಿಗೆ ವರ್ಷಕ್ಕೆ ಶೇ 4 ಎಂದರೆ ಎರಡು ರೂಪಾಯಿ. ತಳವೇ ಅಷ್ಟು ಕೆಳಗಿರುವಾಗ ಶೇಕಡಾವಾರು ಏರಿಕೆಯಿಂದ ಮಾಡು ರಿಪೇರಿಯಾಗುವುದಿಲ್ಲ. ಹಾಗಾಗಿ ಹಳೆಯ ಪಗಡಿ ಕಟ್ಟಡಗಳು ಇಂದಿಗೂ ಮುಂಬೈಯ ತೀರದ ಸಮಸ್ಯೆಗಳಲ್ಲೊಂದು.

ಕರ್ನಾಟಕವೂ ಇದೇ ದಾರಿಯಲ್ಲಿ ನಡೆದು ಬೇಗ ಹೊರಳಿತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಮನೆ ಖಾಲಿಯಾದರೆ ಮಾಲೀಕ ಅಧಿಕಾರಿಗೆ ತಿಳಿಸಬೇಕಿತ್ತು. ಆ ಮನೆಯನ್ನು ಯಾರಿಗೆ ಕೊಡಬೇಕೆಂದು ಅಧಿಕಾರಿಯೇ ಹಂಚಿಕೆ ಮಾಡಬಹುದಿತ್ತು. 2001ರ ಕೊನೆಯ ದಿನ ಜಾರಿಗೆ ಬಂದ ಹೊಸ ಕಾಯ್ದೆ, ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ನಿಯಂತ್ರಣದಿಂದ ಹೊರಗಿಟ್ಟಿತು. ಇಂದು ಬೆಂಗಳೂರಿನ ಬಹುತೇಕ ಬಾಡಿಗೆ ಮನೆಗಳು ಆ ಮಿತಿ ದಾಟಿವೆ. ಅಲ್ಲಿನ ಬಾಡಿಗೆ ದುಬಾರಿ ಎಂಬ ದೂರು ನಿಜ. ಆದರೂ ಬೇರೆ ಊರಿನಿಂದ ಬಂದವರಿಗೆ ಒಂದಲ್ಲ ಒಂದು ಬಡಾವಣೆಯಲ್ಲಿ ಮನೆ ಸಿಗುತ್ತದೆ.

ದೇಶದ ಒಟ್ಟು ಚಿತ್ರವನ್ನು ಎರಡು ಅಂಕಿಗಳು ಹೇಳುತ್ತವೆ. 1961ರಲ್ಲಿ ನಮ್ಮ ನಗರಗಳ ನೂರು ಸಂಸಾರಗಳಲ್ಲಿ 54 ಬಾಡಿಗೆ ಮನೆಯಲ್ಲಿದ್ದವು. 2011ರ ಜನಗಣತಿಯ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. ಅದೇ ಗಣತಿಯಲ್ಲಿ ನಗರಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳು ಖಾಲಿ ಬಿದ್ದಿದ್ದವು. ಜನ ಸ್ವಂತ ಮನೆ ಮಾಡಿಕೊಂಡದ್ದು ಇದಕ್ಕೊಂದು ಕಾರಣ, ಮನೆ ಕೊಟ್ಟರೆ ಮರಳಿ ಬರುವುದಿಲ್ಲ ಎಂಬ ಹಳೆಯ ಭಯ ಇನ್ನೊಂದು.

ಬಾಡಿಗೆಯಿರಲಿ, ಔಷಧಿಯಿರಲಿ, ಟ್ಯಾಕ್ಸಿ ದರವಿರಲಿ, ಬೆಲೆಗೆ ಮಿತಿ ಹಾಕುವ ಮಾತು ಬಂದಾಗಲೆಲ್ಲ ನಾವು ಎರಡು ಪ್ರಶ್ನೆ ಕೇಳಬೇಕು. ಈ ಮಿತಿ ಬೆಲೆಗಳ ಜೊತೆ ಏರುವಂಥದ್ದೇ? ಈ ಬೆಲೆಗೆ ನಾಳೆ ಹೊಸದಾಗಿ ಕಟ್ಟುವವರು, ತಯಾರಿಸುವವರು, ಓಡಿಸುವವರು ಯಾರು? ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಮಿತಿ ಇದ್ದವರನ್ನು ಕಾಪಾಡಿ ಬರುವವರನ್ನು ಕೈಬಿಡುತ್ತದೆ. ಬಡವರಿಗೆ ಮನೆ ಕೊಡಿಸುವ ಹೊಣೆ ಸಮಾಜದ್ದು. ಆ ಹೊಣೆಯನ್ನು ಸರ್ಕಾರ ತನ್ನ ಬೊಕ್ಕಸದಿಂದ, ಮನೆ ಕಟ್ಟಿಸಿಯೋ ಬಾಡಿಗೆಗೆ ನೆರವು ಕೊಟ್ಟೋ ಹೊರಬೇಕು. ಅದನ್ನು ಹಳೆಯ ಕಟ್ಟಡಗಳ ಗೋಡೆಗಳ ಮೇಲೆ ಹೊರಿಸಿದರೆ ಗೋಡೆ ತಾಳುವುದಿಲ್ಲ ಎಂಬುದನ್ನು ಮುಂಬೈ ಐವತ್ತು ವರ್ಷ ತೋರಿಸಿದೆ.